ಶಾಪಿಂಗ್ ಫೀಡ್‌ಗೆ ಕಾಫಿಪುಡಿಯ ಶೀರ್ಷಿಕೆ ಬರೆಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಗೋಣಿಕೊಪ್ಪ, ಕುಶಾಲನಗರ, ಮಡಿಕೇರಿ ಕಡೆಯಿಂದ ಕಾಫಿಪುಡಿ, ಕಾಳುಮೆಣಸು, ಕಾಚಂಪುಳಿ ಮಾರುವವರು ಗೂಗಲ್ ಶಾಪಿಂಗ್ ಜಾಹೀರಾತು ಶುರು ಮಾಡಿದಾಗ ಒಂದೇ ಜಾಗದಲ್ಲಿ ಎಡವುತ್ತಾರೆ. ವೆಬ್‌ಸೈಟಿನ ಪುಟಕ್ಕೆ ಬರೆದ ಶೀರ್ಷಿಕೆಯನ್ನೇ ಎತ್ತಿ ಫೀಡ್‌ಗೆ, ಅಂದರೆ ಗೂಗಲ್‌ಗೆ ಕಳಿಸುವ ಉತ್ಪನ್ನಗಳ ಪಟ್ಟಿಗೆ ಹಾಕುತ್ತಾರೆ. ಆಮೇಲೆ ಕ್ಲಿಕ್ ಬರುತ್ತದೆ, ಹಣ ಹೋಗುತ್ತದೆ, ಆರ್ಡರ್ ಮಾತ್ರ ಬರುವುದಿಲ್ಲ. ಕೆಲವೊಮ್ಮೆ ಜಾಹೀರಾತೇ ತಿರಸ್ಕೃತವಾಗುತ್ತದೆ.

ಎರಡು ಶೀರ್ಷಿಕೆಗಳ ಕೆಲಸವೇ ಬೇರೆ. ಪುಟದ ಶೀರ್ಷಿಕೆ ಹುಡುಕಾಟದ ಪಟ್ಟಿಯಲ್ಲಿ ಒಂದು ಸಾಲಾಗಿ ಕಾಣುತ್ತದೆ. ಸುಮಾರು 60 ಅಕ್ಷರ ದಾಟಿದರೆ ಸಾಮಾನ್ಯವಾಗಿ ಕತ್ತರಿಸಿಹೋಗುತ್ತದೆ, ಕೊನೆಯಲ್ಲಿ ಅಂಗಡಿಯ ಹೆಸರು ಇರುವುದು ವಾಡಿಕೆ. ಫೀಡ್‌ನ ಶೀರ್ಷಿಕೆಗೆ 150 ಅಕ್ಷರಗಳ ಮಿತಿ ಇದೆ, ಆದರೆ ಜಾಹೀರಾತಿನಲ್ಲಿ ಗ್ರಾಹಕರ ಕಣ್ಣಿಗೆ ಬೀಳುವುದು ಮೊದಲ 70 ಅಥವಾ ಅದಕ್ಕಿಂತಲೂ ಕಡಿಮೆ. ಇನ್ನೂ ಮುಖ್ಯವಾದದ್ದು, ಶಾಪಿಂಗ್ ಜಾಹೀರಾತಿನಲ್ಲಿ ಯಾವ ಹುಡುಕುಪದಕ್ಕೆ ಕಾಣಿಸಿಕೊಳ್ಳಬೇಕು ಎಂದು ನೀವು ಪಟ್ಟಿ ಕೊಡುವುದಿಲ್ಲ. ಫೀಡ್‌ನಲ್ಲಿರುವ ಮಾಹಿತಿಯನ್ನು ಓದಿ ಗೂಗಲ್ಲೇ ತೀರ್ಮಾನಿಸುತ್ತದೆ, ಅದರಲ್ಲಿ ಶೀರ್ಷಿಕೆಯ ತೂಕ ದೊಡ್ಡದು.

ಇಲ್ಲಿ ಒಂದೇ ಉತ್ಪನ್ನವನ್ನು ಕೊನೆತನಕ ಹಿಡಿದು ಹೋಗೋಣ: 20% ಚಿಕೋರಿ ಬೆರೆಸಿದ, ಅರೇಬಿಕಾ ಮತ್ತು ರೋಬಸ್ಟಾ ಎರಡೂ ಇರುವ, 500 ಗ್ರಾಂ ಫಿಲ್ಟರ್ ಕಾಫಿಪುಡಿ. ಬ್ರ್ಯಾಂಡ್ ಹೆಸರಿನ ಜಾಗದಲ್ಲಿ `Brand` ಎಂದು ಬರೆದಿದ್ದೇನೆ, ಅಲ್ಲಿ ನಿಮ್ಮದನ್ನು ಸೇರಿಸಿಕೊಳ್ಳಿ.

## ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದದ್ದು

ಫೀಡ್ ಇರುವ ಮರ್ಚೆಂಟ್ ಸೆಂಟರ್ ಮತ್ತು ಜಾಹೀರಾತು ನಡೆಸುವ ಗೂಗಲ್ ಆ್ಯಡ್ಸ್ ಎರಡಕ್ಕೂ ಲಾಗಿನ್ ಬೇಕು. ವೆಬ್‌ಸೈಟ್ ಮಾಡಿಕೊಟ್ಟವರ ಬಳಿಯೇ ಲಾಗಿನ್ ಉಳಿದಿದ್ದರೆ ಮೊದಲು ಅದನ್ನು ಕೇಳಿ ಪಡೆಯಿರಿ. ಒಂದು ಗೂಗಲ್ ಶೀಟ್ ತೆರೆದಿಟ್ಟುಕೊಳ್ಳಿ. ಜೊತೆಗೆ ಮಾರುವ ಪೊಟ್ಟಣವೇ ಮೇಜಿನ ಮೇಲಿರಲಿ. ನೆನಪಿನಿಂದ ಬರೆದ ಶೀರ್ಷಿಕೆಗೂ ಲೇಬಲ್ಲಿಗೂ ತಾಳೆಯಾಗದಿರುವುದು ಬಹಳ ಸಾಮಾನ್ಯ.

## ಹಂತ 1: ಈಗ ಫೀಡ್‌ನಲ್ಲಿ ಏನು ಹೋಗುತ್ತಿದೆ ಎಂದು ನೋಡಿ

ಒಂದು ಉತ್ಪನ್ನಕ್ಕೆ ನಿಜವಾಗಿ ಮೂರು ಹೆಸರುಗಳಿರುತ್ತವೆ. ಬ್ರೌಸರ್ ಟ್ಯಾಬ್‌ನಲ್ಲಿ ಕಾಣುವುದು ಒಂದು, ಪುಟದೊಳಗೆ ದೊಡ್ಡ ಅಕ್ಷರದಲ್ಲಿ ಕಾಣುವ ಉತ್ಪನ್ನದ ಹೆಸರು ಇನ್ನೊಂದು, ಫೀಡ್‌ನ `title` ಮೂರನೆಯದು. ಮೂರನ್ನೂ ಶೀಟ್‌ನಲ್ಲಿ ಪಕ್ಕಪಕ್ಕ ಬರೆಯಿರಿ. ಮೂರನೆಯದನ್ನು ನೋಡಲು ಮರ್ಚೆಂಟ್ ಸೆಂಟರ್‌ನ ಉತ್ಪನ್ನಗಳ ಪಟ್ಟಿಯಲ್ಲಿ ಆ ಉತ್ಪನ್ನವನ್ನೇ ತೆರೆಯಬೇಕು. ವೆಬ್‌ಸೈಟಿನಲ್ಲಿ ಹೀಗಿದೆ, ಅಲ್ಲೂ ಹೀಗೇ ಇರುತ್ತದೆ ಎಂದು ಊಹಿಸಬೇಡಿ. ಫೀಡ್ ಕಳಿಸುವ ಪ್ಲಗಿನ್ ಬೇರೆ ಹೆಸರನ್ನು ಎತ್ತಿಕೊಂಡಿರಬಹುದು, ಅಥವಾ ಕೊನೆಗೆ ತೂಕವನ್ನು ತಾನೇ ಅಂಟಿಸಿರಬಹುದು.

ನಮ್ಮ ಉದಾಹರಣೆಯಲ್ಲಿ ಫೀಡ್‌ನಲ್ಲಿ ಸಿಕ್ಕಿದ್ದು ಇದು:

```
Buy Best Homemade Coorg Coffee Powder Online | Brand
```

ಒಟ್ಟು 52 ಅಕ್ಷರ. ಪುಟಕ್ಕೆ ಇದು ಹೇಗೋ ನಡೆಯುತ್ತದೆ. ಫೀಡ್‌ನಲ್ಲಿ `Buy`, `Best`, `Online` ಮೂರೂ ಪ್ರಚಾರದ ಮಾತುಗಳು, ಉತ್ಪನ್ನದ ಬಗ್ಗೆ ಏನನ್ನೂ ಹೇಳುವುದಿಲ್ಲ. ಚಿಕೋರಿ ಇದೆಯೇ, ಎಷ್ಟು ತೂಕ, ಫಿಲ್ಟರ್‌ಗೋ ಇನ್‌ಸ್ಟಂಟೋ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿಲ್ಲ. 150 ಅಕ್ಷರದ ಜಾಗದಲ್ಲಿ ಸುಮಾರು ನೂರು ಖಾಲಿ ಬಿದ್ದಿದೆ.

## ಹಂತ 2: ಪೊಟ್ಟಣ ನೋಡಿ ಗುಣಗಳನ್ನು ಕಾಲಂಗಳಲ್ಲಿ ಬಿಡಿಸಿ ಬರೆಯಿರಿ

ಶೀರ್ಷಿಕೆಯನ್ನು ಒಂದೇ ಏಟಿಗೆ ವಾಕ್ಯದಂತೆ ಬರೆಯಲು ಹೋಗಬೇಡಿ. ಶೀಟ್‌ನ A ಕಾಲಂನಲ್ಲಿ ಉತ್ಪನ್ನದ `id`, ಆಮೇಲೆ ಒಂದೊಂದು ಗುಣಕ್ಕೆ ಒಂದೊಂದು ಕಾಲಂ ಇರಲಿ: ಊರು ಮತ್ತು ಉತ್ಪನ್ನದ ಬಗೆ, ಚಿಕೋರಿ ಪ್ರಮಾಣ, ತೂಕ, ಹುರಿತ, ಬೀಜದ ಜಾತಿ, ಬ್ರ್ಯಾಂಡ್. ಹೀಗೆ ಬಿಡಿಸಿಟ್ಟರೆ ಮುಂದೆ ಕ್ರಮ ಬದಲಿಸುವುದು ಸುಲಭ, ಯಾವ ಪೊಟ್ಟಣಕ್ಕೆ ಯಾವ ಮಾಹಿತಿ ಇಲ್ಲ ಎಂಬುದೂ ತಕ್ಷಣ ಕಾಣುತ್ತದೆ.

ಚಿಕೋರಿಯ ಅಂಕಿಯನ್ನು ಲೇಬಲ್ ನೋಡಿಯೇ ಬರೆಯಿರಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51% ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ಆಹಾರ ಸುರಕ್ಷತಾ ನಿಯಮ. ಆದ್ದರಿಂದ ಆ ಅಂಕಿ ನಿಮ್ಮ ಪೊಟ್ಟಣದ ಮೇಲೆ ಇರಲೇಬೇಕು. ಶೀರ್ಷಿಕೆಯಲ್ಲಿ ಒಂದು, ಲೇಬಲ್‌ನಲ್ಲಿ ಇನ್ನೊಂದು ಇದ್ದರೆ ಅದು ಬರೀ ಜಾಹೀರಾತಿನ ತೊಂದರೆಯಾಗಿ ಉಳಿಯುವುದಿಲ್ಲ.

ತೂಕವನ್ನು `500 g` ಎಂದು ಬರೆಯಿರಿ. `500gms`, `1/2 kg`, `500 GM` ಬೇಡ. ಒಂದೇ ಶೀಟ್‌ನಲ್ಲಿ ನಾಲ್ಕು ಬಗೆಯಾಗಿ ಬರೆದರೆ ನೂರು ಗ್ರಾಂ, ಕಾಲು ಕೆಜಿ, ಅರ್ಧ ಕೆಜಿ ಪೊಟ್ಟಣಗಳು ಒಂದೇ ಸಾಮಾನಿನ ಅಳತೆಗಳು ಎಂದು ಗ್ರಾಹಕರಿಗೆ ಒಂದೇ ನೋಟಕ್ಕೆ ತಿಳಿಯುವುದಿಲ್ಲ. ಇಲ್ಲಿ ಬರೆಯಬೇಕಾದದ್ದು ಪುಡಿಯ ನಿವ್ವಳ ತೂಕ. ಡಬ್ಬ, ಕೊರಿಯರ್ ಪೆಟ್ಟಿಗೆ ಸೇರಿದ ತೂಕಕ್ಕೆ ಫೀಡ್‌ನಲ್ಲಿ `shipping_weight` ಎಂಬ ಬೇರೆ ಕಾಲಂ ಇದೆ.

ಬೀಜದ ಜಾತಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ರೋಬಸ್ಟಾ ಮತ್ತು ಚಿಕೋರಿ ಬೆರೆತ ಪುಡಿಗೆ `Coorg Arabica` ಎಂಬ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ಬರೆಯಬೇಡಿ. ಅದರಿಂದ ಕ್ಲಿಕ್ ಹೆಚ್ಚಾದರೂ ಅದು ಸುಳ್ಳು, ನಿಜವಾಗಿ ಅರೇಬಿಕಾ ಬೆಳೆದು ಮಾರುವ ಪಕ್ಕದ ತೋಟದವರಿಗೆ ಅನ್ಯಾಯ.

## ಹಂತ 3: ಯಾವ ಗುಣ ಮೊದಲು ಎಂದು ತೀರ್ಮಾನಿಸಿ

ಇದೇ ಇಡೀ ಕೆಲಸದ ನಡುಗಂಬ, ಇಲ್ಲಿ ಅವಸರ ಬೇಡ.

ಗೂಗಲ್ ಆ್ಯಡ್ಸ್‌ನಲ್ಲಿ ಹುಡುಕುಪದಗಳ ವರದಿ ಇದೆ, ಪರದೆಯ ಮೇಲೆ `Search terms` ಎಂದು ಕಾಣುತ್ತದೆ. ನಿಮ್ಮ ಜಾಹೀರಾತು ಕಾಣಿಸಿಕೊಂಡಾಗ ಜನ ನಿಜವಾಗಿ ಏನು ಟೈಪ್ ಮಾಡಿದ್ದರು ಎಂಬುದು ಅಲ್ಲಿರುತ್ತದೆ. ಆರ್ಡರ್ ತಂದ ಪದಗಳು ಯಾವುವು, ಹಣ ತಿಂದು ಏನೂ ಕೊಡದ ಪದಗಳು ಯಾವುವು ಎಂದು ಎರಡು ಗುಂಪು ಮಾಡಿ. ಜಾಹೀರಾತು ಹೊಸದಾಗಿದ್ದು ವರದಿ ಖಾಲಿಯಿದ್ದರೆ ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಗ್ರಾಹಕರು ಮೊದಲು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ. ಕಾಫಿಪುಡಿಗೆ ಸಾಮಾನ್ಯವಾಗಿ ಬರುವ ಮೊದಲ ಪ್ರಶ್ನೆ ಚಿಕೋರಿ ಇದೆಯಾ ಎನ್ನುವುದೇ.

ಹೆಸರುವಾಸಿ ಕಂಪನಿಗಳು ಬ್ರ್ಯಾಂಡನ್ನು ಮೊದಲಿಡುತ್ತವೆ, ಏಕೆಂದರೆ ಜನ ಆ ಹೆಸರನ್ನೇ ಟೈಪ್ ಮಾಡುತ್ತಾರೆ. ಸಣ್ಣ ತೋಟದ ಹೆಸರನ್ನು ಹೊರಗಿನವರು ಟೈಪ್ ಮಾಡುವುದಿಲ್ಲ. ಅವರು ಹುಡುಕುವುದು ಊರು ಮತ್ತು ವಸ್ತು. ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಯ ಸಣ್ಣ ಮಾರಾಟಗಾರರಿಗೆ ಊರು ಮೊದಲು, ವಸ್ತು ಆಮೇಲೆ, ಬ್ರ್ಯಾಂಡ್ ಕಟ್ಟಕಡೆಗೆ ಬರುವುದು ಸರಿ. ಹೊರಗಿನ ಗ್ರಾಹಕರನ್ನು ಮುಟ್ಟಬೇಕಾದ್ದರಿಂದ ಕೊಡಗು ಎನ್ನುವ ಜಾಗದಲ್ಲಿ ಕೂರ್ಗ್ ಎಂದೇ ಬರೆಯಬೇಕಾಗುತ್ತದೆ. ಎರಡನ್ನೂ ತುರುಕಿ ಜಾಗ ವ್ಯರ್ಥ ಮಾಡುವುದು ಬೇಡ. ಇನ್ನೊಂದು ಹೆಸರು `description` ಕಾಲಂನಲ್ಲಿ ಇರಲಿ.

ಊರು ಮತ್ತು ವಸ್ತುವಿನ ನಂತರ ಬರಬೇಕಾದದ್ದು ಗ್ರಾಹಕರು ಬೇಡವೆಂದು ಹಿಂದಿರುಗಲು ಕಾರಣವಾಗುವ ಗುಣ. ಇದನ್ನು ಬಚ್ಚಿಡಬೇಕು ಎಂದು ಹಲವರಿಗೆ ಅನಿಸುತ್ತದೆ, ಆದರೆ ಲೆಕ್ಕ ಅದಕ್ಕೆ ವಿರುದ್ಧ. ಇಲ್ಲಿ ನೀವು ಹಣ ಕೊಡುವುದು ಕ್ಲಿಕ್‌ಗೆ. ಶುದ್ಧ ಕಾಫಿ ಬೇಕಾದವರು ಕ್ಲಿಕ್ ಮಾಡಿ, ಪುಟದಲ್ಲಿ ಚಿಕೋರಿ ಕಂಡು ಹೊರಟುಹೋದರೆ ಆ ಹಣ ನಷ್ಟ. ಜಾಹೀರಾತಿನಲ್ಲೇ ಓದಿಕೊಂಡು ಮುಂದೆ ಹೋದರೆ ನಿಮಗೆ ಖರ್ಚಿಲ್ಲ. ಹಾಗಾಗಿ ಚಿಕೋರಿ ಮೂರನೆಯದು, ತೂಕ ನಾಲ್ಕನೆಯದು. ಹುರಿತ, ಬೀಜದ ಜಾತಿ ಅದರ ನಂತರ.

## ಹಂತ 4: ಜೋಡಿಸಿ, ಎಣಿಸಿ, ಕತ್ತರಿಸಿ ನೋಡಿ

B ಯಿಂದ G ವರೆಗಿನ ಕಾಲಂಗಳಲ್ಲಿ ಗುಣಗಳು ತೀರ್ಮಾನಿಸಿದ ಕ್ರಮದಲ್ಲೇ ಇರಲಿ. H ಕಾಲಂನಲ್ಲಿ ಜೋಡಿಸುವ ಸೂತ್ರ, ಪಕ್ಕದ ಮೂರು ಕಾಲಂಗಳಲ್ಲಿ ಅಳೆಯುವ ಸೂತ್ರಗಳು:

```
=TEXTJOIN(", ",TRUE,B2:G2)
=LEN(H2)
=LEFT(H2,70)
=LEFT(H2,40)
```

ಮೊದಲನೆಯದು ಖಾಲಿ ಕಾಲಂಗಳನ್ನು ಬಿಟ್ಟು ಉಳಿದವನ್ನು ಅಲ್ಪವಿರಾಮದಿಂದ ಸೇರಿಸುತ್ತದೆ. ಎರಡನೆಯದು ಜಾಗ, ಚಿಹ್ನೆ ಎಲ್ಲ ಸೇರಿಸಿ ಅಕ್ಷರ ಎಣಿಸುತ್ತದೆ. ಇದು 150 ದಾಟಬಾರದು. ಕೊನೆಯ ಎರಡು, ಕತ್ತರಿಸಿದ ಮೇಲೆ ಗ್ರಾಹಕರಿಗೆ ಉಳಿಯುವುದೇನು ಎಂದು ತೋರಿಸುತ್ತವೆ. 40 ಎಂಬುದು ನಿಯಮವಲ್ಲ. ಸಣ್ಣ ಪರದೆಯಲ್ಲಿ ಶೀರ್ಷಿಕೆ 70ಕ್ಕೂ ಮೊದಲೇ ತುಂಡಾಗುವುದರಿಂದ ನಾನು ಇಟ್ಟುಕೊಂಡಿರುವ ಕಠಿಣ ಪರೀಕ್ಷೆ.

ಮೊದಲ ಪ್ರಯತ್ನ ಹೀಗೆ ಬಂತು ಎಂದುಕೊಳ್ಳಿ:

```
Coorg Filter Coffee Powder, 20% Chicory, 500 g, Medium Roast, Arabica Robusta Blend, Brand
```

90 ಅಕ್ಷರ, ಮಿತಿಯೊಳಗಿದೆ, ಕ್ರಮವೂ ಸರಿ. ಆದರೆ 70ಕ್ಕೆ ಕತ್ತರಿಸಿದರೆ ಕೊನೆಯ ಪದ `Arabica` ಆಗುತ್ತದೆ. ರೋಬಸ್ಟಾ ಮಾಯ. ನೀವು ಸುಳ್ಳು ಬರೆಯದಿದ್ದರೂ ಪರದೆಯ ಮೇಲೆ ಕಾಣುವುದು ಅರೇಬಿಕಾ ಪುಡಿ ಎಂಬ ಮಾತು. ಅಕ್ಷರ ಎಣಿಸಿ ಸುಮ್ಮನಾಗುವವರ ಕಣ್ಣಿಗೆ ಈ ತಪ್ಪು ಬೀಳುವುದೇ ಇಲ್ಲ. ಪದಗಳನ್ನು ಸ್ವಲ್ಪ ತಿರುಗಿಸಿದರೆ ಸಾಕು:

```
Coorg Filter Coffee Powder, 20% Chicory, 500 g, Medium Roast, Blend of Arabica and Robusta, Brand
```

ಈಗ ಒಟ್ಟು 97 ಅಕ್ಷರ. 70ಕ್ಕೆ ಕತ್ತರಿಸಿದರೆ `Blend of` ಎಂದು ನಿಲ್ಲುತ್ತದೆ; ಅರ್ಧಕ್ಕೆ ನಿಂತರೂ ಮಿಶ್ರಣ ಎಂಬ ನಿಜ ಉಳಿಯಿತು. 40ಕ್ಕೆ ಕತ್ತರಿಸಿದರೆ ಚಿಕೋರಿಯವರೆಗೆ ಪೂರ್ತಿ ಕಾಣುತ್ತದೆ. ಪ್ರತಿ ಸಾಲಿಗೂ ಈ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ತುಂಡಾದರೆ ಉಳಿದ ಮಾತು ನಿಜವೇ?

97 ಆಯಿತು, ಇನ್ನೂ 53 ಅಕ್ಷರ ಇದೆಯಲ್ಲ ಎಂದು ಅದನ್ನು ತುಂಬಿಸಲು `Coffee` ಪದವನ್ನೇ ಮತ್ತೆ ಮತ್ತೆ ಬರೆಯಬೇಡಿ. ಹೊಸ ಗುಣವೊಂದಿದ್ದರೆ ಸೇರಿಸಿ, ಇಲ್ಲವಾದರೆ ಅಷ್ಟಕ್ಕೇ ಬಿಡಿ. ಪೂರ್ತಿ ದೊಡ್ಡಕ್ಷರದ ಪದ, ಇಮೋಜಿ, ನಕ್ಷತ್ರ ಚಿಹ್ನೆ, ಬೆಲೆ, ಆಫರ್, ಡೆಲಿವರಿ ಉಚಿತ ಎಂಬ ಮಾತು ಯಾವುದೂ ಬೇಡ. ಇವು ತಿರಸ್ಕಾರಕ್ಕೆ ನೇರ ದಾರಿ.

## ಹಂತ 5: ಪುಟಕ್ಕೆ ತಾಳೆ ಹಾಕಿ

ಫೀಡ್‌ನ ಶೀರ್ಷಿಕೆ ಮತ್ತು ಪುಟದ ಶೀರ್ಷಿಕೆ ಅಕ್ಷರಶಃ ಒಂದೇ ಆಗಿರಬೇಕಿಲ್ಲ. ಎರಡೂ ಒಂದೇ ಸಾಮಾನನ್ನು ಹೇಳುತ್ತಿರಬೇಕು, ಅಷ್ಟೆ. ಆದರೆ ಫೀಡ್‌ನಲ್ಲಿ ಬರೆದ ಪ್ರತಿಯೊಂದು ಗುಣವೂ ಪುಟದಲ್ಲಿ ಎಲ್ಲಾದರೂ ಓದಲು ಸಿಗಬೇಕು. ಹುರಿತದ ಬಗ್ಗೆ ಪುಟದಲ್ಲಿ ಮಾತೇ ಇಲ್ಲದಿದ್ದರೆ ಮೊದಲು ಅಲ್ಲಿ ಸೇರಿಸಿ, ಆಮೇಲೆ ಫೀಡ್‌ಗೆ ಬನ್ನಿ. ಪುಟ ಇಂಗ್ಲಿಷ್‌ನಲ್ಲಿದ್ದರೆ ಶೀರ್ಷಿಕೆಯೂ ಇಂಗ್ಲಿಷ್‌ನಲ್ಲೇ ಇರಬೇಕು. ಭಾಷೆ ಬೆರೆಸಿದರೂ ತೊಂದರೆ.

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಅಳತೆಯ ವಿಷಯದಲ್ಲಿ. ಒಂದೇ ಪುಟದಲ್ಲಿ 100, 250, 500 ಗ್ರಾಂ ಆಯ್ಕೆಗಳಿರುತ್ತವೆ. ಫೀಡ್‌ನಲ್ಲಿ ಅವು ಮೂರು ಬೇರೆ ಸಾಲುಗಳು, ಮೂರಕ್ಕೂ ಬೇರೆ `id`, ಆದರೆ `item_group_id` ಒಂದೇ. 500 ಗ್ರಾಂ ಸಾಲಿನ ಶೀರ್ಷಿಕೆಯಲ್ಲಿ `500 g` ಇದ್ದು, ಅದರ `link` ಒತ್ತಿದಾಗ ಪುಟ 100 ಗ್ರಾಂ ಆಯ್ಕೆಯಾಗಿ ತೆರೆದುಕೊಂಡರೆ ಅಲ್ಲಿ ಬೇರೆ ಬೆಲೆ ಕಾಣುತ್ತದೆ. ಬೆಲೆ ತಾಳೆಯಾಗಲಿಲ್ಲ ಎಂದು ಉತ್ಪನ್ನ ತಿರಸ್ಕೃತವಾಗುತ್ತದೆ. ಮೂರೂ ಲಿಂಕ್‌ಗಳನ್ನು ಫೋನಿನಲ್ಲಿ ಒಂದೊಂದಾಗಿ ತೆರೆದು, ಶೀರ್ಷಿಕೆಯ ತೂಕವೇ ಆಯ್ಕೆಯಾಗಿ ಬರುತ್ತದೆಯೇ ನೋಡಿ. ಬರದಿದ್ದರೆ ಆ ಅಳತೆಯನ್ನೇ ತೆರೆಯುವ ಪೂರ್ತಿ ವಿಳಾಸವನ್ನು ಫೀಡ್‌ನಲ್ಲಿ ಕೊಡಬೇಕು. ಸಾಮಾನ್ಯವಾಗಿ ಪುಟದಲ್ಲಿ ಅಳತೆ ಆಯ್ದಾಗ ವಿಳಾಸದ ಕೊನೆಗೆ ಸೇರಿಕೊಳ್ಳುವ ಭಾಗವೂ ಅದರಲ್ಲಿ ಇರಬೇಕು.

## ಹಂತ 6: ವೆಬ್‌ಸೈಟ್ ಮುಟ್ಟದೆ ಹೊಸ ಶೀರ್ಷಿಕೆ ಕಳಿಸಿ

ಪುಟದ ಹೆಸರನ್ನೇ ಬದಲಿಸಿದರೆ ಬಿಲ್, ಹಳೆಯ ಲಿಂಕ್, ಹುಡುಕಾಟದಲ್ಲಿನ ಸ್ಥಾನ ಎಲ್ಲದಕ್ಕೂ ಕೈ ಹಾಕಿದಂತೆ. ಅದರ ಅಗತ್ಯವಿಲ್ಲ. ಮರ್ಚೆಂಟ್ ಸೆಂಟರ್‌ನಲ್ಲಿ ಮುಖ್ಯ ಫೀಡ್‌ಗೆ ಜೊತೆಯಾಗಿ ಪೂರಕ ಫೀಡ್ ಒಂದನ್ನು ಸೇರಿಸಬಹುದು. ಆಯ್ಕೆ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಆ್ಯಡ್-ಆನ್ ಪಟ್ಟಿಯಲ್ಲಿ `Advanced data source management` ಅನ್ನು ಮೊದಲು ಆನ್ ಮಾಡಿಕೊಳ್ಳಿ. ಪೂರಕ ಶೀಟ್‌ನಲ್ಲಿ ಎರಡೇ ಕಾಲಂ ಸಾಕು:

```
id            title
COF-8020-500  Coorg Filter Coffee Powder, 20% Chicory, 500 g, ...
```

ಚುಕ್ಕಿಗಳ ಜಾಗದಲ್ಲಿ ಪೂರ್ತಿ ಶೀರ್ಷಿಕೆ ಇರಬೇಕು. `id` ಮುಖ್ಯ ಫೀಡ್‌ನಲ್ಲಿ ಇರುವಂತೆಯೇ ಇರಲಿ, ಒಂದು ಅಡ್ಡಗೆರೆ ಹೆಚ್ಚುಕಡಿಮೆಯಾದರೂ ಅದು ಅಂಟಿಕೊಳ್ಳುವುದಿಲ್ಲ. ಪೂರಕ ಫೀಡ್ ಇರುವ ಉತ್ಪನ್ನವನ್ನು ಬದಲಿಸುತ್ತದೆಯೇ ಹೊರತು ಹೊಸದನ್ನು ಸೃಷ್ಟಿಸುವುದಿಲ್ಲ. H ಕಾಲಂನಿಂದ ನಕಲು ಮಾಡುವಾಗ ಸೂತ್ರವನ್ನಲ್ಲ, ಬರೀ ಪಠ್ಯವನ್ನು ಅಂಟಿಸಿ. ಮುಖ್ಯ ಫೀಡ್‌ನಲ್ಲಿ `id` ಬದಲಿಸುವ ಯೋಚನೆ ಮಾತ್ರ ಮಾಡಬೇಡಿ. ಹೊಸ `id` ಎಂದರೆ ಗೂಗಲ್ ಪಾಲಿಗೆ ಹೊಸ ಉತ್ಪನ್ನ, ಹಳೆಯದು ಗಳಿಸಿದ ಇತಿಹಾಸ ಅದಕ್ಕೆ ಬರುವುದಿಲ್ಲ.

ಎಲ್ಲ ಉತ್ಪನ್ನಗಳನ್ನೂ ಒಂದೇ ದಿನ ಬದಲಿಸದೆ ಹೆಚ್ಚು ಖರ್ಚಾಗುತ್ತಿರುವ ನಾಲ್ಕೈದನ್ನು ಮೊದಲು ಹಾಕಿ. ಶೀಟ್ ಓದಿಕೊಂಡ ಮೇಲೆ ಹಂತ 1ರಂತೆ ಉತ್ಪನ್ನವನ್ನು ತೆರೆದು, ಹೊಸ ಶೀರ್ಷಿಕೆ ನಿಜಕ್ಕೂ ಬಂದಿದೆಯೇ ಎಂದು ನೋಡಿ.

## ಹಂತ 7: ಏನನ್ನು ಗಮನಿಸಬೇಕು

ಮೊದಲ ಕೆಲವು ದಿನ ನೋಡಬೇಕಾದದ್ದು `Needs attention` ಪಟ್ಟಿ ಮಾತ್ರ. ಅಲ್ಲಿ ಪ್ರಚಾರದ ಪಠ್ಯ ಅಥವಾ ದೊಡ್ಡಕ್ಷರದ ದೂರು ಬಂದರೆ ಶೀರ್ಷಿಕೆಯಲ್ಲಿ ಹುಡುಕಿ. ಬೆಲೆಯ ದೂರು ಬಂದರೆ ಶೀರ್ಷಿಕೆಯನ್ನು ಮತ್ತೆ ಮತ್ತೆ ತಿದ್ದಬೇಡಿ, ಹಂತ 5ರ ಲಿಂಕ್ ಪರೀಕ್ಷೆಗೆ ಹಿಂತಿರುಗಿ.

ಎರಡು ಮೂರು ವಾರ ಬಿಟ್ಟು ಹುಡುಕುಪದಗಳ ವರದಿಯನ್ನು ಮತ್ತೆ ತೆರೆಯಿರಿ. ಫಿಲ್ಟರ್, ಚಿಕೋರಿ, ಅರ್ಧ ಕೆಜಿ ಇಂಥ ಪದಗಳಿರುವ ಹುಡುಕಾಟಗಳು ಬರತೊಡಗಿದ್ದರೆ ಶೀರ್ಷಿಕೆ ಕೆಲಸ ಮಾಡುತ್ತಿದೆ. ಇಷ್ಟಾದರೂ ಇನ್‌ಸ್ಟಂಟ್ ಕಾಫಿ ಹುಡುಕುವವರೇ ಬರುತ್ತಿದ್ದರೆ ಅದನ್ನು ಶೀರ್ಷಿಕೆಯಿಂದ ತಡೆಯಲಾಗದು. ಗೂಗಲ್ ಆ್ಯಡ್ಸ್‌ನಲ್ಲಿ `instant` ಪದವನ್ನು ನೆಗೆಟಿವ್ ಕೀವರ್ಡ್, ಅಂದರೆ ಜಾಹೀರಾತು ಕಾಣಿಸಬಾರದ ಹುಡುಕುಪದವಾಗಿ ಸೇರಿಸಬೇಕು.

ಕ್ಲಿಕ್ ಕಡಿಮೆಯಾದದ್ದು ಕಂಡು ಗಾಬರಿಯಾಗಿ ಹಳೆಯ ಶೀರ್ಷಿಕೆಗೆ ಮರಳುವವರಿದ್ದಾರೆ. ಚಿಕೋರಿಯನ್ನು ಮುಂದೆ ತಂದ ಮೇಲೆ ಕ್ಲಿಕ್ ಇಳಿಯುವುದು ನಿರೀಕ್ಷಿತವೇ. ನೋಡಬೇಕಾದದ್ದು ಒಂದು ಆರ್ಡರ್‌ಗೆ ಎಷ್ಟು ಖರ್ಚಾಯಿತು ಎಂಬುದನ್ನು. ಕ್ಲಿಕ್ ಇಳಿದು ಆರ್ಡರ್ ಅಷ್ಟೇ ಉಳಿದಿದ್ದರೆ ನೀವು ಗೆದ್ದಿರಿ. ಕ್ಲಿಕ್, ಆರ್ಡರ್ ಎರಡೂ ಇಳಿದು, ಜಾಹೀರಾತು ಕಾಣಿಸಿಕೊಂಡ ಸಂಖ್ಯೆಯೂ ಕುಸಿದಿದ್ದರೆ ಮೊದಲ 40 ಅಕ್ಷರದೊಳಗೆ ಜನ ಹುಡುಕುವ ಪದವೊಂದು ಬಿಟ್ಟುಹೋಗಿರಬಹುದು.

## ಬೇರೆ ಸಾಮಾನಿಗೆ ಇದೇ ಕ್ರಮ ನಡೆಯದು

ಕಾಚಂಪುಳಿಯನ್ನು ಹೆಸರಿಟ್ಟು ಹುಡುಕುವವರು ಗೊತ್ತಿರುವವರು ಮಾತ್ರ. ಉಳಿದವರಿಗೆ ಅದು ಪಂದಿ ಕರಿಗೆ ಹಾಕುವ ಕೂರ್ಗ್ ವಿನೆಗರ್. ಅದಕ್ಕೆ ಎರಡೂ ಹೆಸರು ಮೊದಲಲ್ಲೇ ಬೇಕು, ಬಳಕೆಯೂ ಬೇಕು:

```
Kachampuli Coorg Vinegar for Pandi Curry, 200 ml Bottle, Brand
```

62 ಅಕ್ಷರ; 70ರೊಳಗೇ ಮುಗಿಯಿತು. ಕಾಳುಮೆಣಸಿಗೆ ಇಡಿ ಕಾಳೋ ಪುಡಿಯೋ ಎಂಬುದು ಚಿಕೋರಿಯ ಜಾಗಕ್ಕೆ ಬರುತ್ತದೆ, ತೂಕ ಅದರ ಬೆನ್ನಿಗೇ. ಪ್ರತಿ ಬಗೆಯ ಸಾಮಾನಿಗೂ ಶೀಟ್‌ನಲ್ಲಿ ಬೇರೆ ಟ್ಯಾಬ್ ಮಾಡಿ, ಹಂತ 3ನ್ನು ಹೊಸದಾಗಿ ಮಾಡಿ. ಯಾವುದಾದರೂ ಶೀರ್ಷಿಕೆ ಸರಿಹೋಗಲಿಲ್ಲವೆಂದರೆ ಪೂರಕ ಶೀಟ್‌ನಿಂದ ಆ ಸಾಲನ್ನು ಅಳಿಸಿ. ಮುಂದಿನ ಸಲ ಶೀಟ್ ಓದಿಕೊಂಡಾಗ ಮುಖ್ಯ ಫೀಡ್‌ನ ಹಳೆಯ ಶೀರ್ಷಿಕೆ ಮತ್ತೆ ಬರುತ್ತದೆ.